ಚೈನ್ ಬಿದ್ದಾವ, ಕ್ಯಾರಿಯರ್ ಸಾಲವಲ್ದು

ರಾಬರ್ಟ್ ಬ್ರೌನ್ 1959ರಲ್ಲಿ ಬರೆದ ದಾಸ್ತಾನು ಗ್ರಂಥದ ಬಗ್ಗೆ ಈ ವಾರ ಬರೆಯುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿ ಸೈಕಲ್ ಬಿಡಿಭಾಗಗಳ ಸಗಟು ಅಂಗಡಿ ಇಟ್ಟಿರುವ ಹಳೆಯ ಪರಿಚಯದವರೊಬ್ಬರ ಫೋನು ಬಂತು. "ಸರ, ಎಲ್ಲಾ ಐಟಮ್‌ಗೂ ಒಂದು ವಾರದ ಮಾಲು ಹೆಚ್ಚಿಗಿ ಇಟ್ಟೇನಿ. ಆದ್ರೂ ಚೈನ್ ಹಂಗ ಬಿದ್ದಾವ, ಕ್ಯಾರಿಯರ್ ಸಾಲವಲ್ದು" ಎಂದರು. ಬ್ರೌನ್ ಸ್ವಲ್ಪ ತಡವಾಗಿ ಬರಲಿ.

"ಎಲ್ಲಕ್ಕೂ ಒಂದು ವಾರದ ಮಾಲು" ಎಂಬ ಪಂಥದ ಜೊತೆ ನನ್ನ ಜಗಳ ಹಳೆಯದು. ದಿನಗಳ ಲೆಕ್ಕದಲ್ಲಿ ಸೇಫ್ಟಿ ಸ್ಟಾಕ್ ಇಡುವವರು ಸರಾಸರಿ ಮಾರಾಟವನ್ನಷ್ಟೇ ನೋಡುತ್ತಾರೆ. ಆದರೆ ಸರಾಸರಿಯಷ್ಟು ಬೇಡಿಕೆಯನ್ನು ಮಾಮೂಲಿ ದಾಸ್ತಾನೇ ಪೂರೈಸುತ್ತದೆ. ಸೇಫ್ಟಿ ಸ್ಟಾಕ್ ಬೇಕಾಗುವುದು ಬೇಡಿಕೆ ಆ ಸರಾಸರಿಯನ್ನು ಮೀರಿದಾಗ. ಹಾಗಾಗಿ ಅದರ ಅಳತೆಗೋಲು ಏರಿಳಿತವೇ ಆಗಬೇಕು, ಅಂದರೆ ಮಾನಕ ವಿಚಲನೆ.

ಅವರ ವಹಿಯಿಂದ ಚೈನಿನ ಹತ್ತು ವಾರಗಳ ಮಾರಾಟವನ್ನು ಓದಿಸಿಕೊಂಡೆ: 38, 52, 31, 40, 47, 26, 44, 35, 55, 32. ಒಟ್ಟು 400, ವಾರದ ಸರಾಸರಿ 40. ಪ್ರತಿ ವಾರದ ಅಂಕಿಯಿಂದ 40 ಕಳೆದು, ಉಳಿದದ್ದನ್ನು ವರ್ಗ ಮಾಡಿ ಕೂಡಿದರೆ 804. ಇರುವುದು ಹತ್ತೇ ವಾರಗಳ ಮಾದರಿ, ಸರಾಸರಿಯನ್ನೂ ಅದರಿಂದಲೇ ತೆಗೆದಿದ್ದೇವೆ. ಆದ್ದರಿಂದ 10ರ ಬದಲು 9ರಿಂದ ಭಾಗಿಸಬೇಕು. ಬರುವುದು 89.3. ಅದರ ವರ್ಗಮೂಲ 9.45. ಚೈನಿನ ವಾರದ ಏರಿಳಿತ ಸುಮಾರು ಒಂಬತ್ತೂವರೆ.

ಇಲ್ಲಿ ಬ್ರೌನ್ ನೆನಪಾಗುತ್ತಾರೆ. ವರ್ಗ, ವರ್ಗಮೂಲಗಳನ್ನು ಸಾವಿರಾರು ವಸ್ತುಗಳಿಗೆ ಹಾಕುತ್ತ ಕೂರುವುದು ಅವರ ಕಾಲದಲ್ಲಿ ದುಬಾರಿಯ ಕೆಲಸ. ಅದಕ್ಕೆ ಅವರು ಹಿಡಿದ ದಾರಿ, ವ್ಯತ್ಯಾಸಗಳ ಪ್ಲಸ್ಸು ಮೈನಸ್ಸು ಬಿಟ್ಟು ನೇರ ಸರಾಸರಿ ತೆಗೆಯುವುದು, ಅದನ್ನು 1.25ರಿಂದ ಗುಣಿಸಿ ಮಾನಕ ವಿಚಲನೆಯ ಅಂದಾಜು ಪಡೆಯುವುದು. ನಮ್ಮ ಚೈನಿಗೆ ಹಾಕಿ ನೋಡಿ: ವ್ಯತ್ಯಾಸಗಳ ಮೊತ್ತ 76, ಸರಾಸರಿ 7.6, ಅದರ 1.25 ಪಟ್ಟು 9.5. ಕಾಗದ ಪೆನ್ಸಿಲ್ಲಿನಲ್ಲಿ ಎರಡು ನಿಮಿಷದ ಕೆಲಸ! ಪ್ರತಿ ಸಲವೂ ಇಷ್ಟು ಹತ್ತಿರ ಬರುವುದಿಲ್ಲ, ಆದರೆ ಗಂಟೆಯಾಕಾರದ ರೇಖೆಗೆ ಒಗ್ಗುವ ಬೇಡಿಕೆಯಲ್ಲಿ ದೂರ ಹೋಗುವುದೂ ಇಲ್ಲ.

ಚೈನ್ ಬರುವುದು ಲುಧಿಯಾನದಿಂದ. ಆರ್ಡರ್ ಹಾಕಿದ ಮೇಲೆ ಮಾಲು ಕೈಸೇರಲು ನಾಲ್ಕು ವಾರ. ಆ ನಾಲ್ಕು ವಾರ ಒಟ್ಟಾಗಿ ಎಷ್ಟು ಏರಿಳಿಯಬಹುದು ಎಂಬುದೇ ನಮ್ಮ ಪ್ರಶ್ನೆ. ಹೆಚ್ಚು ಮಂದಿ ಎಡವುವುದು ಇಲ್ಲೇ. ಸರಾಸರಿಯನ್ನು ನಾಲ್ಕರಿಂದ ಗುಣಿಸಿದ ಕೈ ಮಾನಕ ವಿಚಲನೆಯನ್ನೂ ನಾಲ್ಕರಿಂದ ಗುಣಿಸಿಬಿಡುತ್ತದೆ. ಹಾಗೆ ಮಾಡಿದರೆ ನಾಲ್ಕೂ ವಾರ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಸರಿಯುತ್ತವೆ ಎಂದು ಒಪ್ಪಿಕೊಂಡಂತೆ. ನಿಜದಲ್ಲಿ ಒಂದು ವಾರದ ಜೋರನ್ನು ಇನ್ನೊಂದು ವಾರದ ಮಂದಗತಿ ಒಂದಿಷ್ಟು ತಿನ್ನುತ್ತದೆ. ಕೂಡುವುದು ವಿಚಲನೆಗಳಲ್ಲ, ಅವುಗಳ ವರ್ಗಗಳು. ಆದ್ದರಿಂದ 89.3ನ್ನು ನಾಲ್ಕರಿಂದ ಗುಣಿಸಿ ವರ್ಗಮೂಲ ತೆಗೆಯಬೇಕು: 18.9. ಅಂದರೆ ನಾಲ್ಕು ಪಟ್ಟಲ್ಲ, ಎರಡೇ ಪಟ್ಟು. ಶಾಲೆ ಶುರುವಾಗುವ ಹೊತ್ತಿನಲ್ಲಿ ವಾರಗಳೆಲ್ಲ ಒಟ್ಟಿಗೇ ಏರಿದರೆ ಮಾತ್ರ ಈ ವರ್ಗಮೂಲ ಕೈಕೊಡುತ್ತದೆ. ಆ ಏರಿಕೆಯನ್ನು ಮುನ್ನಂದಾಜಿನಲ್ಲೇ ಸೇರಿಸಬೇಕು, ಸೇಫ್ಟಿ ಸ್ಟಾಕಿನ ತಲೆಗೆ ಕಟ್ಟಬಾರದು.

ಇನ್ನು ಸೇವಾ ಮಟ್ಟ. 95 ಶೇಕಡಾ ಬೇಕೆಂದರೆ ಗಂಟೆಯಾಕಾರದ ರೇಖೆಯ ಗುಣಕ 1.645. ಅದನ್ನು 18.9ರಿಂದ ಗುಣಿಸಿದರೆ 31. ಕಂಪ್ಯೂಟರಿನಲ್ಲಿ ಮಾರಾಟವನ್ನು ಒಂದು ಕಾಲಮಿನಲ್ಲಿ ತುಂಬಿಟ್ಟವರಿಗೆ ಒಂದೇ ಸಾಲು ಸಾಕು:

```
=NORM.S.INV(0.95)*STDEV.S(B2:B11)*SQRT(4)
```

ನಾಲ್ಕು ವಾರದ ಸರಾಸರಿ 160, ಮೇಲೆ 31. ಕೈಯಲ್ಲಿರುವ ಮಾಲೂ ದಾರಿಯಲ್ಲಿರುವ ಮಾಲೂ ಸೇರಿ 191ಕ್ಕೆ ಇಳಿದ ಕ್ಷಣ ಹೊಸ ಆರ್ಡರ್ ಹೋಗಬೇಕು. ಅವರು ಹೆಚ್ಚಿಗೆ ಇಟ್ಟಿದ್ದದ್ದು ಒಂದು ವಾರದ ಮಾಲು, ಅಂದರೆ 40. ಅದರಿಂದ ಚೈನಿಗೆ 98 ಶೇಕಡಾ ರಕ್ಷಣೆ ಸಿಗುತ್ತಿತ್ತು.

ಕ್ಯಾರಿಯರ್ ಕೂಡ ವಾರಕ್ಕೆ ಸರಾಸರಿ 40ರಂತೆಯೇ ಹೋಗುತ್ತದೆ, ಅದೂ ನಾಲ್ಕು ವಾರಕ್ಕೇ ಬರುವುದು. ಆದರೆ ಹಳ್ಳಿಯ ಅಂಗಡಿಯವರು ಬಂದರೆ ಒಮ್ಮೆಗೇ ಅರವತ್ತು ಎತ್ತುತ್ತಾರೆ, ಇಲ್ಲದ ವಾರ ಹತ್ತು ಹೋದರೆ ಹೆಚ್ಚು. ವಾರದ ಮಾನಕ ವಿಚಲನೆ 24, ನಾಲ್ಕು ವಾರಕ್ಕೆ 48. ಅದೇ 40 ಕ್ಯಾರಿಯರ್ ಹೆಚ್ಚಿಗೆ ಇಟ್ಟರೆ ಸಿಗುವ ಸೇವಾ ಮಟ್ಟ ಸುಮಾರು 80. ಐದು ಆರ್ಡರಿಗೆ ಒಂದು ಸಲ ಮಾಲು ಬರುವ ಮೊದಲೇ ಕಪಾಟು ಖಾಲಿ. 95 ಬೇಕಿದ್ದರೆ 79 ಇಡಬೇಕಿತ್ತು. ಒಂದೇ ಸರಾಸರಿ, ಒಂದೇ "ವಾರದ ಮಾಲು", ಆದರೆ ಎರಡು ವಸ್ತುಗಳಿಗೆ ಎರಡು ಬೇರೆ ಭರವಸೆ. ಅವರು ಫೋನಿನಲ್ಲಿ ಹೇಳಿದ್ದು ಅಕ್ಷರಶಃ ಇದನ್ನೇ.

ಬ್ರೌನ್ ಕಡೆಗೆ ಮರಳಬೇಕೆಂದಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯ ಪರಿಚಯದವರು ಇನ್ನೊಂದು ಪ್ರಶ್ನೆ ಕೇಳಿದರು, ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. "95 ಅಂದ್ರ ನೂರು ಗಿರಾಕಿಯೊಳಗ ಐದು ಮಂದಿ ಬರಿಗೈಲಿ ಹೋಗ್ತಾರೇನ್ರಿ?" ಅಲ್ಲ. ಇಲ್ಲಿ ಎಣಿಸುವುದು ಆರ್ಡರಿನ ಸರದಿಗಳನ್ನು, ಗಿರಾಕಿಗಳನ್ನಲ್ಲ. ಚೈನನ್ನು ಅವರು 200ರ ಲಾಟಿನಲ್ಲಿ ತರಿಸುತ್ತಾರೆ, ಅಂದರೆ ಐದು ವಾರಕ್ಕೊಂದು ಆರ್ಡರ್. ಇಪ್ಪತ್ತು ಆರ್ಡರಿಗೆ ಒಂದು ಸಲ ಕೊರತೆ, ಅಂದರೆ ಹೆಚ್ಚುಕಡಿಮೆ ಎರಡು ವರ್ಷಕ್ಕೊಮ್ಮೆ. ಕೊರತೆಯಾದರೂ ಕಡಿಮೆ ಬೀಳುವುದು ಕೆಲವೇ ಚೈನ್. ಸರಾಸರಿ ಹಾಕಿದರೆ 200ರ ಒಂದು ಸರದಿಗೆ ಅರ್ಧ ಚೈನೂ ಇಲ್ಲ. ಕೇಳಿದ ಚೈನುಗಳಲ್ಲಿ 99.8 ಶೇಕಡಾ ಅಲ್ಲೇ ಸಿಕ್ಕಿರುತ್ತವೆ.

ಈ ಎರಡು ಅಳತೆಗಳನ್ನು ಬೆರೆಸುವುದು ದುಬಾರಿ ತಪ್ಪು. ಗಿರಾಕಿಗಳಲ್ಲಿ 99 ಮಂದಿಗೆ ಸಿಗಲಿ ಎಂಬ ಆಸೆಯಿಂದ ಸೂತ್ರಕ್ಕೆ 99 ತುಂಬಿದವರು 31ರ ಬದಲು 44 ಚೈನ್ ಹೊರುತ್ತಾರೆ, ಅವರ ಆಸೆ 31ರಲ್ಲೇ ತೀರಿದ್ದರೂ. 99.9 ಎಂದರೆ 58. ಮೊದಲ 24 ಚೈನು 50 ಶೇಕಡಾದಿಂದ 90ಕ್ಕೆ ಏರಿಸಿದ್ದವು. ಕೊನೆಯ 14 ಚೈನು ಕೊಡುವುದು ಒಂದು ಶೇಕಡಾವನ್ನೂ ಅಲ್ಲ.

ಕ್ಯಾರಿಯರಿನ 79ನ್ನು ಮಾತ್ರ ನಾನಿನ್ನೂ ನಂಬಿಲ್ಲ. ಆ ಹತ್ತು ವಾರಗಳಲ್ಲಿ ಎರಡು ವಾರ ಮಾಲೇ ಮುಗಿದಿತ್ತು ಎಂದು ಕೊನೆಗೆ ಬಾಯಿಬಿಟ್ಟರು. ಒಂದು ವಾರ ವಹಿಯಲ್ಲಿ 22 ಎಂದಿದೆ. ಬೇಡಿಕೆ 22 ಇದ್ದುದರಿಂದ ಅಲ್ಲ, ಕಪಾಟಿನಲ್ಲಿ ಇದ್ದದ್ದೇ 22. ಮಾರಾಟವನ್ನು ಬೇಡಿಕೆ ಎಂದು ಓದಿದಾಗ ಎತ್ತರದ ವಾರಗಳ ತಲೆ ಕತ್ತರಿಸಿಹೋಗುತ್ತದೆ, ಸರಾಸರಿಯೂ ಏರಿಳಿತವೂ ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು, ಅದರ ಮೇಲೆ ಹಾಕಿದ ಸೇಫ್ಟಿ ಸ್ಟಾಕ್ ಮತ್ತೆ ಕಡಿಮೆ ಬೀಳುತ್ತದೆ. ಆ ಎರಡು ವಾರಗಳನ್ನು ಲೆಕ್ಕದಿಂದ ತೆಗೆದಿಡಲು ಹೇಳಿದ್ದೇನೆ. ಸೋಮವಾರದಿಂದ ವಹಿಯಲ್ಲಿ "ಕೇಳಿದ್ದು, ಕೊಡಲಾಗಲಿಲ್ಲ" ಎಂಬ ಹೊಸ ಕಾಲಮ್ ಶುರುವಾಗಿದೆ. ಹತ್ತು ವಾರದ ಅಂಕಿ ಕೂಡಿದ ಮೇಲೆ ಮಾನಕ ವಿಚಲನೆಯ ಆ 24ನ್ನು ಮತ್ತೆ ಲೆಕ್ಕ ಹಾಕುತ್ತೇವೆ.