ಚಂದಾ ನಿಲ್ಲಿಸುವ ಪತ್ರ: ಟಿಕೆಟ್ ಸಂಖ್ಯೆ ಸಾಲದು

ತಿಂಗಳಿಗೆ 199 ರೂಪಾಯಿ ಇದ್ದ ಸ್ಟ್ರೀಮಿಂಗ್ ಪ್ಲಾನು 299 ಆದಾಗ ಪರಿಚಿತರೊಬ್ಬರು ಕಂಪನಿಗೆ ಬರೆದ ಇ-ಮೇಲನ್ನು ಈಚೆಗೆ ನನಗೆ ತೋರಿಸಿದರು. ಪುಟ್ಟ ಪತ್ರ, ಪೂರ್ತಿ ಹೀಗಿದೆ:

"ನಮಸ್ಕಾರ. ಈ ಮೇಲ್ ಐಡಿಯಲ್ಲಿ ನೋಂದಾಯಿಸಿರುವ ನನ್ನ ತಿಂಗಳ ಪ್ಲಾನನ್ನು ಜೂನ್ 12ರ ನವೀಕರಣಕ್ಕೆ ಮುಂಚೆ ರದ್ದು ಮಾಡಿ. 299 ರೂಪಾಯಿಯ ಹೊಸ ದರಕ್ಕೆ ನನ್ನ ಒಪ್ಪಿಗೆಯಿಲ್ಲ. ಬೇರೆ ಪ್ಲಾನ್, ರಿಯಾಯಿತಿ ಯಾವುದೂ ಬೇಡ. ದಯವಿಟ್ಟು ದೃಢೀಕರಣ ಸಂಖ್ಯೆ ಕಳಿಸಿ."

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಮೊದಲ ವಾಕ್ಯ. ಯಾವ ಖಾತೆ, ಏನಾಗಬೇಕು, ಯಾವತ್ತಿನೊಳಗೆ ಎಂಬ ಮೂರೂ ಅಲ್ಲಿವೆ. ದಿನಕ್ಕೆ ರಾಶಿ ಮೇಲ್ ಓದುವ ಸಿಬ್ಬಂದಿಗೆ ಮುಂದಿನ ಸಾಲು ಓದದೆಯೂ ವಿಷಯ ಗೊತ್ತಾಗುತ್ತದೆ. ಇಂಥ ಪತ್ರ ಬರೆಯುವವರಲ್ಲಿ ಹೆಚ್ಚಿನವರು ಬೆಲೆ ಏರಿಕೆಯ ಸಿಟ್ಟನ್ನು ಮೊದಲಿಗೆ ತೋಡಿಕೊಂಡು, ರದ್ದು ಮಾಡಿ ಎಂಬ ಮಾತನ್ನು ಕೊನೆಗೆ ಸೇರಿಸುತ್ತಾರೆ. ಆಗ ಅದು ಬೆಲೆಯ ಬಗೆಗಿನ ದೂರು ಎಂದು ದಾಖಲಾಗಿ, ಎರಡು ತಿಂಗಳ ರಿಯಾಯಿತಿಯ ಆಸೆ ತೋರಿಸುವ ಉತ್ತರ ಬರುತ್ತದೆ, ಅಷ್ಟರಲ್ಲಿ ನವೀಕರಣದ ದಿನ ದಾಟಿರುತ್ತದೆ. ಇವರು ಸಿಟ್ಟನ್ನು ಒಂದೇ ಸಾಲಿನಲ್ಲಿ ಮುಗಿಸಿ, ರಿಯಾಯಿತಿಯ ಬಾಗಿಲನ್ನೂ ಮುಂಚೆಯೇ ಮುಚ್ಚಿದ್ದಾರೆ.

ಪತ್ರ ಸೋತದ್ದು ಕೊನೆಯ ವಾಕ್ಯದಲ್ಲಿ. ಕಳಿಸಿದ ಕೆಲವೇ ನಿಮಿಷಗಳಲ್ಲಿ ಒಂದು ಸಂಖ್ಯೆ ಬಂತು. ಇವರು ಕೆಲಸವಾಯಿತೆಂದು ನಿಶ್ಚಿಂತೆಯಾಗಿದ್ದರು. 12ನೇ ತಾರೀಖು ಖಾತೆಯಿಂದ 299 ರೂಪಾಯಿ ಕಡಿತವಾಯಿತು. ಬಂದಿದ್ದದ್ದು ಟಿಕೆಟ್ ಸಂಖ್ಯೆ, ಅಂದರೆ ನಿಮ್ಮ ಪತ್ರ ತಲುಪಿದೆ ಎಂಬುದಕ್ಕೆ ಯಂತ್ರ ಕೊಡುವ ರಸೀದಿ. ಚಂದಾ ನಿಂತಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಎಷ್ಟೋ ಕಂಪನಿಗಳಲ್ಲಿ ರದ್ದತಿಗೆಂದೇ ಬೇರೆ ಸಂಖ್ಯೆ ಇರುವುದೂ ಇಲ್ಲ, ನಿಮ್ಮ ಸದಸ್ಯತ್ವ ಇಂಥ ದಿನ ಮುಗಿಯುತ್ತದೆ ಎಂಬ ಮೇಲ್ ಮಾತ್ರ ಬರುತ್ತದೆ. ಆದ್ದರಿಂದ ಕೇಳಬೇಕಾದ್ದು ಹೀಗೆ: "ಚಂದಾ ರದ್ದಾಗಿದೆ, ಮುಂದೆ ಹಣ ಕಡಿತವಾಗುವುದಿಲ್ಲ, ಇಂಥ ದಿನದವರೆಗೆ ನೋಡಬಹುದು ಎಂದು ಬರೆದು ತಿಳಿಸಿ. ರದ್ದತಿಗೆ ಸಂಖ್ಯೆ ಇದ್ದರೆ ಅದನ್ನೂ ಕೊಡಿ. ಟಿಕೆಟ್ ಸಂಖ್ಯೆ ಸಾಲದು." ಉತ್ತರದಲ್ಲಿ ಮುಗಿಯುವ ದಿನಾಂಕ ಕಾಣದಿದ್ದರೆ ಚಂದಾ ಇನ್ನೂ ನಡೆಯುತ್ತಿದೆ ಎಂದೇ ತಿಳಿಯಬೇಕು.

ಇನ್ನೊಂದು ಕೊರತೆ ಪತ್ರದ ಹೊರಗಿದೆ. ಹೊಸ ದರಕ್ಕೆ ಒಪ್ಪಿಗೆಯಿಲ್ಲ ಎಂದು ಇವರು ಕಂಪನಿಗೆ ಹೇಳಿದರು, ಬ್ಯಾಂಕಿಗೆ ಹೇಳಲಿಲ್ಲ. ಚಂದಾ ಮಾಡುವಾಗ ಯುಪಿಐ ಆಟೋಪೇಯಲ್ಲಿ ಇವರು ಒಪ್ಪಿದ್ದು 500 ರೂಪಾಯಿಯ ಗರಿಷ್ಠ ಮಿತಿಗೆ. ದರ 299 ಆದರೂ ಆ ಮಿತಿಯೊಳಗೇ ಇತ್ತು, ಹಾಗಾಗಿ ಪಿನ್ ಕೇಳುವ ಪ್ರಮೇಯವೇ ಬರಲಿಲ್ಲ. ಬೆಲೆ ಏರಿಕೆ ಸದ್ದಿಲ್ಲದೆ ನಡೆದುಹೋಗುವುದು ಹೀಗೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಮೊತ್ತ, ದಿನಾಂಕಗಳ ಸಮೇತ ಸೂಚನೆ ಬರಬೇಕು, ಕೊಟ್ಟ ಒಪ್ಪಿಗೆಯನ್ನು ಗ್ರಾಹಕರು ಯಾವಾಗ ಬೇಕಾದರೂ ಹಿಂಪಡೆಯಬಹುದು. ಇವರಿಗೂ 11ನೇ ತಾರೀಖು ಎಸ್ಸೆಮ್ಮೆಸ್ ಬಂದಿತ್ತು. ಜಾಹೀರಾತುಗಳ ನಡುವೆ ಕಣ್ತಪ್ಪಿತು. ಯುಪಿಐ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಆ ಒಪ್ಪಿಗೆಯನ್ನು ರದ್ದು ಮಾಡಿದ್ದರೆ ಹಣ ಉಳಿಯುತ್ತಿತ್ತು. ಹಾಗೆಂದು ಅದೊಂದನ್ನೇ ಮಾಡಿ ಕೂರುವುದೂ ಸರಿಯಲ್ಲ. ಹಣ ಹೋಗುವುದು ನಿಲ್ಲುತ್ತದೆ, ಆದರೆ ಕಂಪನಿಯ ಲೆಕ್ಕದಲ್ಲಿ ಚಂದಾ ರದ್ದಾಗಿರುವುದಿಲ್ಲ.

ಚಂದಾ ಮೊಬೈಲ್ ರೀಚಾರ್ಜಿನ ಜೊತೆಗೋ ಆ್ಯಪ್ ಸ್ಟೋರಿನ ಮೂಲಕವೋ ಬಂದದ್ದಾಗಿದ್ದರೆ ಹಣ ಹಿಡಿಯುವವರೇ ಬೇರೆ. ಆಗ ಈ ಪತ್ರ ಎಷ್ಟು ಚೆನ್ನಾಗಿದ್ದರೂ ತಪ್ಪು ವಿಳಾಸಕ್ಕೆ ಹೋದಂತೆ. ಬ್ಯಾಂಕ್ ಎಸ್ಸೆಮ್ಮೆಸ್‌ನಲ್ಲಿ ಯಾರ ಹೆಸರಿದೆ ಎಂದು ಮೊದಲು ನೋಡಿಕೊಳ್ಳಬೇಕು.

ಖಾತೆಯ ಪುಟದಲ್ಲೇ ರದ್ದು ಮಾಡುವ ಗುಂಡಿ ಇರುವಾಗ ಮೇಲ್ ಯಾಕೆ ಎನ್ನುವವರಿದ್ದಾರೆ. ಗುಂಡಿಯನ್ನೇ ಮೊದಲು ಒತ್ತಬೇಕು, ನಿಜ. ಆದರೆ ಅದರ ಹಿಂದೆ "ಖಚಿತವೇ?" ಎನ್ನುವ ಪರದೆಗಳು ಸಾಲಾಗಿ ಬರುತ್ತವೆ, ಕೊನೆಯದನ್ನು ತಲುಪದೆ ಹೊರಬಂದವರ ಕೈಯಲ್ಲಿ ಯಾವ ಪುರಾವೆಯೂ ಇರುವುದಿಲ್ಲ. ರದ್ದತಿಯನ್ನು ಬೇಕೆಂದೇ ಕಷ್ಟವಾಗಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದೆ. ನಿಷೇಧವನ್ನು ಮುಂದಿಟ್ಟು ವಾದಿಸಲು ತಾರೀಖು ಬಿದ್ದ ಪತ್ರ ಬೇಕು.

ಹೀಗೆ ನೋಡಿದರೆ ಇದು ಮುಕ್ಕಾಲು ಪಾಲು ಒಳ್ಳೆಯ ಪತ್ರ. ಕಳೆದುಹೋದ 299 ರೂಪಾಯಿಗೂ ಅದೇ ಈಗ ಆಧಾರ. ನವೀಕರಣಕ್ಕೆ ಮುಂಚೆಯೇ ಬೇಡವೆಂದದ್ದು ಅದರಲ್ಲಿ ದಿನಾಂಕದ ಸಮೇತ ದಾಖಲಾಗಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ ದೂರು ಸ್ವೀಕರಿಸಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ಕ್ಕೆ ಕರೆ ಮಾಡಿ, ಕಳಿಸಿದ ಮೇಲನ್ನು ಮಾತ್ರ ಅಳಿಸಬೇಡಿ.