ಮಾತಿನಲ್ಲಿ ಕರಗಿದ ‘ವಿಡು’

ತ್ರಿಪ್ಲಿಕೇನಿಗೆ ಬಂದು ನೆಲೆಸಿದ ಕನ್ನಡಿಗರಿಗೆ ತಮಿಳು ಬೇಗ ಒಲಿಯುತ್ತದೆ. ಹಾಲು ‘ಪಾಲ್’, ಹಲ್ಲು ‘ಪಲ್’. ಬಾಯಿ ‘ವಾಯ್’, ಬಾಳೆ ‘ವಾಳೈ’. ಹಕಾರಕ್ಕೆ ಪ, ಬಕಾರಕ್ಕೆ ವ ಹಾಕಿಕೊಂಡು ಊಹಿಸಿದರೆ ಎಷ್ಟೋ ಮಾತು ಅರ್ಥವಾಗಿಬಿಡುತ್ತದೆ. ಆರೇ ತಿಂಗಳಲ್ಲಿ ಪಾರ್ಥಸಾರಥಿ ಗುಡಿಯ ಬೀದಿಯಲ್ಲಿ ತರಕಾರಿ ಚೌಕಾಸಿ ಮಾಡಬಹುದು. ಆಮೇಲೆ ವರ್ಷಗಟ್ಟಲೆ ಅಲ್ಲೇ ನಿಲ್ಲುತ್ತೇವೆ. ಅಷ್ಟು ದೂರ ಕರೆತಂದ ಊಹೆಯೇ ಮುಂದೆ ಅಡ್ಡ ಬರುತ್ತದೆ ಎಂಬುದು ನನ್ನ ಅನುಭವ.

ನಾನು ಇಲ್ಲಿನ ಮ್ಯಾನ್ಷನ್ ಒಂದರ ಕೋಣೆಯಲ್ಲಿದ್ದಾಗ, ಒಂದು ಸಂಜೆ ನಾನಿಲ್ಲದ ಹೊತ್ತಿನಲ್ಲಿ ಗೆಳೆಯರೊಬ್ಬರು ಬಂದು ಹೋಗಿದ್ದರು. ಮ್ಯಾನೇಜರು ಹೇಳಿದ್ದು: ‘ನಾಳೈಕ್ಕು ವಂದುಡರೇನ್ನು ಸೊಲ್ಲಿಟ್ಟು ಪೋಯ್ಟಾರು.’ ನಾಳೆ, ಬರು, ಹೇಳು, ಹೋಗು ಎಂಬ ನಾಲ್ಕು ಪದ ಕಿವಿಗೆ ಬಿದ್ದವು. ಉಳಿದದ್ದನ್ನು ಊಹಿಸಿ, ನನ್ನನ್ನೇ ಬರಹೇಳಿದ್ದಾರೆಂದುಕೊಂಡೆ. ಮರುದಿನ ನಾನು ಮೈಲಾಪುರದ ಅವರ ಮನೆಗೆ ಹೋದೆ, ಅವರು ತ್ರಿಪ್ಲಿಕೇನಿಗೆ ಬಂದರು.

ಆ ವಾಕ್ಯವನ್ನು ಬಿಡಿಸಿ ಬರೆದರೆ: ‘ವಂದು ವಿಡುಗಿರೇನ್ ಎಂಡ್ರು ಸೊಲ್ಲಿ ವಿಟ್ಟು ಪೋಯ್ ವಿಟ್ಟಾರ್.’ ನಮ್ಮ ‘ಬಿಡು’ವೇ ‘ವಿಡು’ವಾಗಿ ಮೂರು ಸಲ ಬಂದಿದೆ, ಆಡುಮಾತಿನಲ್ಲಿ ಮೂರೂ ಸಲ ಬರೀ ಡಕಾರ, ಟಕಾರವಾಗಿ ಕರಗಿದೆ. ‘ಎಂಡ್ರು’ ಎಂಬುದು ‘ನ್ನು’ ಆಗಿದೆ. ‘ಬಂದ್ಬಿಡ್ತೀನಂತ ಹೇಳ್ಬಿಟ್ಟು ಹೋಗ್ಬಿಟ್ರು’ ಎನ್ನುವ ನಾವೂ ಅದನ್ನೇ ಮಾಡುತ್ತೇವೆ! ನನ್ನನ್ನು ಕರೆದಿದ್ದರೆ ‘ವರ ಸೊಲ್ಲಿಟ್ಟು’ ಎನ್ನುತ್ತಿದ್ದರು.

ಅಲ್ಲಿ ನನಗೆ ತಿಳಿಯದ ಪದ ಒಂದೂ ಇರಲಿಲ್ಲ. ಆದರೂ ಅದುವರೆಗೆ ಪದಪಟ್ಟಿ ಉರುಹೊಡೆಯುವುದರಲ್ಲೇ ಕಾಲ ಕಳೆದಿದ್ದೆ. ಆಮೇಲೆ ಕ್ರಮ ಬದಲಿಸಿದೆ. ಯಾರಾದರೂ ಸಹಜವಾಗಿ ಮಾತಾಡಿದ ಒಂದು ನಿಮಿಷದ ಧ್ವನಿಮುದ್ರಿಕೆ ತೆಗೆದುಕೊಂಡು, ಕೇಳಿಸಿದ್ದನ್ನು ಕೇಳಿಸಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದೆ. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಹಾಗಾಗಿ ಉಚ್ಚಾರ ಹಿಡಿಯಲು ನಮ್ಮ ಲಿಪಿಯೇ ಅನುಕೂಲ. ಹತ್ತು ಸಲ ಕೇಳಿದರೂ ಸಿಗದ ಕಡೆ ಖಾಲಿ ಬಿಟ್ಟೆ, ಊಹಿಸಿ ತುಂಬಲಿಲ್ಲ. ಮುಗಿದ ಮೇಲೆ ತಮಿಳು ಗೆಳೆಯರೊಬ್ಬರಿಂದ ಖಾಲಿಗಳನ್ನು ತುಂಬಿಸಿಕೊಂಡೆ.

ಅವುಗಳಲ್ಲಿ ಹೆಚ್ಚಿನವು ಗೊತ್ತಿದ್ದೂ ಗುರುತು ಸಿಗದ ಪದಗಳು. ಅವಕ್ಕೆ ನಿಘಂಟಿನಿಂದ ಉಪಯೋಗವಿಲ್ಲ. ಆ ತುಣುಕನ್ನೇ ಮತ್ತೆ ಕೇಳಿ, ಅದೇ ವೇಗದಲ್ಲಿ ಬಾಯಿಬಿಟ್ಟು ಹೇಳಬೇಕು. ನಿಜವಾಗಿಯೂ ಹೊಸದಾದ ಪದಗಳಿಗೆ ಬೇರೆ ದಾರಿ ಹಿಡಿದೆ: ಭಾರತಿ ಸಾಲೈಯ ಹಳೇ ಪುಸ್ತಕದ ಅಂಗಡಿಗಳಿಂದ ಒಂದೇ ವಿಷಯದ ಪುಸ್ತಕಗಳನ್ನು ತಂದು ತಿಂಗಳಿಡೀ ಓದಿದೆ. ಅಡುಗೆಯಾದರೆ ಅಡುಗೆಯೇ. ಬೇರೆಡೆ ಅಪರೂಪವಾದ ಪದ ಅಲ್ಲಿ ಪುಟಪುಟಕ್ಕೂ ಎದುರಾಗುತ್ತದೆ. ‘ಅವಕಾಶ’ದಂತೆ ಕೇಳಿಸುವ ‘ಅವಕಾಸಂ’ಗೆ ತಮಿಳಿನಲ್ಲಿ ಕಾಲಾವಧಿ ಎಂದರ್ಥವೆಂಬುದೂ ನನಗೆ ಓದಿನಿಂದಲೇ ತಿಳಿದದ್ದು.

ತಿಂಗಳ ಕೊನೆಗೆ ಅದೇ ವ್ಯಕ್ತಿಯ ಮತ್ತೊಂದು ನಿಮಿಷ ಬರೆದು ಖಾಲಿಗಳನ್ನು ಎಣಿಸಿದರೆ ಕಿವಿ ಎಷ್ಟು ಮುಂದೆ ಬಂದಿದೆಯೆಂದು ಗೊತ್ತಾಗುತ್ತದೆ. ನಾಲಿಗೆಯ ತಪ್ಪು ಇದರಿಂದ ಸರಿಹೋಗುವುದಿಲ್ಲ. ಅದಕ್ಕೆ ಮಾತಿನ ನಡುವೆಯೇ ತಡೆದು ಸರಿಪಡಿಸುವ ತಮಿಳರೊಬ್ಬರು ಪಕ್ಕದಲ್ಲಿರಬೇಕು.