ಬೀಜದ್ವಯದಿಂದ ಜನ್ಯಕ್ಷೇತ್ರ: ಒಂದು ವ್ಯಾಖ್ಯಾನ

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಕ್ಷೇತ್ರಗಣಿತದಲ್ಲಿ ಬರುವ ಒಂದು ವಿಧಿಯ ತಾತ್ಪರ್ಯವಿದು: ಎರಡು ಬೀಜಗಳ ವರ್ಗಗಳ ಅಂತರವು ಕೋಟಿ, ಗುಣಲಬ್ಧದ ಇಮ್ಮಡಿಯು ಭುಜ, ವರ್ಗಗಳ ಮೊತ್ತವು ಕರ್ಣ.

‘ಬೀಜ’ ಎಂದರೆ ನಾವೇ ಆರಿಸಿಕೊಳ್ಳುವ ಎರಡು ಪೂರ್ಣಾಂಕಗಳು. ಅವುಗಳಿಂದ ಹುಟ್ಟುವ ಆಯತವೇ ‘ಜನ್ಯ’. ಕರ್ಣವು ಅದನ್ನು ಸೀಳಿದಾಗ ಲಂಬಕೋನ ತ್ರಿಭುಜ ದೊರೆಯುತ್ತದೆ. ಇಲ್ಲಿ 5 ಮತ್ತು 2ನ್ನು ಬೀಜಗಳೆನ್ನೋಣ.

‘ವರ್ಗಗಳ ಅಂತರವು ಕೋಟಿ’. 25ರಿಂದ 4ನ್ನು ಕಳೆಯಲು 21. ಕೋಟಿಯೆಂದರೆ ಲಂಬಕೋನವನ್ನು ತಬ್ಬಿದ ಎರಡು ಬಾಹುಗಳಲ್ಲಿ ಒಂದು. ಬೀಜಗಳು ಸಮವಾಗಿದ್ದರೆ ಕೋಟಿ ಸೊನ್ನೆಯಾಗಿ ಕ್ಷೇತ್ರವೇ ಇಲ್ಲವಾಗುತ್ತದೆ. ಆದುದರಿಂದ ಒಂದು ದೊಡ್ಡದಿರಲೇಬೇಕು.

‘ಗುಣಲಬ್ಧದ ಇಮ್ಮಡಿಯು ಭುಜ’. ಐದೆರಡಲ ಹತ್ತು, ಅದರ ಇಮ್ಮಡಿ 20. ಇಮ್ಮಡಿಸುವುದೇಕೆ? ಈ ವಿಧಿಯ ಮರ್ಮವೇ ಇಲ್ಲಿದೆ. ಬೀಜಗಳು a, b ಆದರೆ ಕೋಟಿಯ ವರ್ಗವನ್ನು ಬಿಡಿಸಿದಾಗ ನಡುವೆ −2a²b² ಎಂಬ ಪದ ಬರುತ್ತದೆ, ಕರ್ಣದ ವರ್ಗದಲ್ಲಿ ಅದೇ ಜಾಗದಲ್ಲಿ +2a²b². ಉಳಿದುದೆಲ್ಲ ಎರಡರಲ್ಲೂ ಒಂದೇ. ಕೊರತೆಯು 4a²b²; ಅದು 2ab ಎಂಬುದರ ವರ್ಗ. ಇಮ್ಮಡಿಸದಿದ್ದರೆ ಆ ಕೊರತೆ ತುಂಬದು.

(a² − b²)² + (2ab)² = (a² + b²)²

‘ವರ್ಗಗಳ ಮೊತ್ತವು ಕರ್ಣ’. 25ಕ್ಕೆ 4 ಕೂಡಲು 29. ತಾಳೆ ನೋಡಿದರೆ 441ಕ್ಕೆ 400 ಸೇರಿ 841. ಅದು 29ರ ವರ್ಗವೇ ಸರಿ.

ಎರಡೂ ಬೀಜಗಳು ಬೆಸವಾದರೆ ಮೂರು ಬಾಹುಗಳೂ ಸಮಸಂಖ್ಯೆಗಳಾಗುತ್ತವೆ. 5, 3ರಿಂದ 16, 30, 34 ಬರುತ್ತದೆ. ಅದು 8, 15, 17ರ ಇಮ್ಮಡಿಯೇ ಹೊರತು ಹೊಸ ಆಕಾರವಲ್ಲ. ಬೀಜಗಳಲ್ಲಿ ಒಂದು ಸಮ, ಒಂದು ಬೆಸವಾಗಿದ್ದು, 1ರ ಹೊರತು ಸಾಮಾನ್ಯ ಭಾಜಕವಿಲ್ಲದಿದ್ದರೆ ಮಾತ್ರ ಮೂಲತ್ರಿಕ ಸಿಗುತ್ತದೆ. ಮೂಲತ್ರಿಕವೆಂದರೆ ಇನ್ನು ಸಂಕ್ಷೇಪಿಸಲಾಗದ ತ್ರಿಕ. ಅಂಥವೆಲ್ಲವೂ ಈ ವಿಧಿಯಿಂದಲೇ ಬರುತ್ತವೆ. ಗುಣಿಸಿ ಹಿಗ್ಗಿಸಿದ ತ್ರಿಕಗಳ ಮಾತು ಬೇರೆ: 9, 12, 15ಕ್ಕೆ ಪೂರ್ಣಾಂಕ ಬೀಜಗಳಿಲ್ಲ, ಏಕೆಂದರೆ 15 ಎರಡು ವರ್ಗಗಳ ಮೊತ್ತವಲ್ಲ. ಬೀಜ 2, 1ರಿಂದ 3, 4, 5ನ್ನು ಪಡೆದು ಮುಮ್ಮಡಿಸಬೇಕು.

ಇನ್ನು ಪ್ರಯೋಗ. ಗಂಗಾವಳಿ ದಂಡೆಯ ರಾಮನಗುಳಿಯಲ್ಲಿ ಅಡಿಕೆ ಒಣಗಿಸುವ ಅಂಗಳಕ್ಕೆ ಮೂಲೆ ಹಿಡಿಯಬೇಕೆನ್ನಿ. ಮೂಲೆಯ ಗೂಟದಿಂದ ಒಂದು ಕಡೆ 21 ಅಡಿಗೆ, ಇನ್ನೊಂದು ಕಡೆ 20 ಅಡಿಗೆ ಗೂಟ ಹೊಡೆದು, ಆ ಎರಡರ ನಡುವೆ ಹಗ್ಗ ಎಳೆಯಬೇಕು. ಹಗ್ಗ ಸರಿಯಾಗಿ 29 ಅಡಿಯಿದ್ದರೆ ಮೂಲೆ ನೇರವಾಗಿದೆ. ಹೆಚ್ಚಿದ್ದರೆ ಮೂಲೆ ಬಿರಿದಿದೆ, ಕಡಿಮೆಯಿದ್ದರೆ ಕಿರಿದಾಗಿದೆ. ಆಗ ಮೂಲೆಯ ಗೂಟವನ್ನು ಮುಟ್ಟದೆ, ತುದಿಯ ಒಂದು ಗೂಟವನ್ನು ಅದರ ಅಳತೆ ಕೆಡದಂತೆ ಸರಿಸಿ ಮತ್ತೆ ಅಳೆಯತಕ್ಕದ್ದು.